ನೂರ ಅರವತ್ತು ಜನರಿಗಾಗಿ ಬರೆಯುವ ಪೋಸ್ಟ್

ತುಮಕೂರು, ಹಾಸನ, ಹಾವೇರಿ ಕಡೆಯ ಹೊಲಗಳಲ್ಲಿ ಬೆಳೆಯುವ ಮಿಡಿಸೌತೆ ನಮ್ಮ ಸಂತೆಗಳಲ್ಲಿ ಸಿಗುವುದಿಲ್ಲ. ಕೊಯ್ದ ಕಾಯಿ ನೇರ ಕಾರ್ಖಾನೆಗೆ ಹೋಗಿ, ವಿನೆಗರ್ ಅಥವಾ ಉಪ್ಪುನೀರಿನ ಡ್ರಮ್ಮಿಗೆ ಬಿದ್ದು, ಹಡಗು ಹತ್ತುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಈ ಬೆಳೆಯನ್ನು 2020–21ರಲ್ಲಿ ಭಾರತ 2.23 ಲಕ್ಷ ಟನ್‌ನಷ್ಟು ರಫ್ತು ಮಾಡಿತು. ಬಂದ ಹಣ ಸುಮಾರು 22 ಕೋಟಿ ಡಾಲರ್. ಇಷ್ಟು ದೊಡ್ಡ ವಹಿವಾಟಾದರೂ ಕೊಳ್ಳುವವರು ಬೆರಳೆಣಿಕೆಯಷ್ಟು: ಅಮೆರಿಕ, ಫ್ರಾನ್ಸ್, ಜರ್ಮನಿ, ಸ್ಪೇನ್, ರಷ್ಯಾದಂಥ ದೇಶಗಳ ಉಪ್ಪಿನಕಾಯಿ ಕಂಪನಿಗಳು ಮತ್ತು ದೊಡ್ಡ ಅಂಗಡಿ ಸರಣಿಗಳಿಗೆ ಬಾಟಲಿ ತುಂಬಿಸಿಕೊಡುವವರು.

ಇಂಥ ರಫ್ತುದಾರರು ಸೋಶಿಯಲ್ ಮೀಡಿಯಾಗೆ ಬಂದಾಗ ಸೀರೆ ಅಂಗಡಿಯವರ ದಾರಿಯನ್ನೇ ಹಿಡಿಯುವುದುಂಟು. ಪೇಜ್ ತೆರೆದು, ಹಬ್ಬಕ್ಕೊಂದು ಶುಭಾಶಯ ಹಾಕಿ, ಫಾಲೋವರ್‌ಗಳನ್ನು ಲೆಕ್ಕ ಹಾಕುತ್ತಾರೆ. ಲೈಕ್ ಒತ್ತುವವರಲ್ಲಿ ಕೆಲಸ ಹುಡುಕುವವರು, ಸರಕು ಸಾಗಣೆ ಏಜೆಂಟರು, ಪೈಪೋಟಿಯ ಕಂಪನಿಯವರು ಇರುತ್ತಾರೆ. ಕಂಟೇನರ್ ಕೊಳ್ಳುವವನೊಬ್ಬನೂ ಇರುವುದಿಲ್ಲ.

ಮೊದಲು ಮಾರಾಟ ನಡೆಯುವ ಬಗೆ ತಿಳಿಯಬೇಕು. ಹೊಸ ಖರೀದಿದಾರ ಸ್ಯಾಂಪಲ್ ಕೇಳುತ್ತಾನೆ. ಕೀಟನಾಶಕದ ಉಳಿಕೆ ಎಷ್ಟಿದೆ ಎಂಬ ಲ್ಯಾಬ್ ವರದಿ ನೋಡುತ್ತಾನೆ. ಬಳಿಕ ಕಾರ್ಖಾನೆಯ ಆಡಿಟ್, ಪರೀಕ್ಷೆಗೆಂದು ಒಂದು ಕಂಟೇನರ್, ಅದು ಸರಿಯಿದ್ದರೆ ಮುಂದಿನ ಹಂಗಾಮಿಗೆ ಒಪ್ಪಂದ. ಇಷ್ಟಾಗುವಷ್ಟರಲ್ಲಿ ಒಂದು ವರ್ಷ ಸಲೀಸಾಗಿ ಕಳೆಯುತ್ತದೆ. ಈಗಿರುವ ಪೂರೈಕೆದಾರ ಕೈಕೊಡದ ಹೊರತು ಯಾರೂ ಈ ರಗಳೆಗೆ ಇಳಿಯುವುದೂ ಇಲ್ಲ.

ಆಸ್ಟ್ರೇಲಿಯಾದ ಎರೆನ್‌ಬರ್ಗ್–ಬಾಸ್ ಸಂಸ್ಥೆಯ ಜಾನ್ ಡಾಸ್ 2021ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಕಂಪನಿಗಳು ಐದು ವರ್ಷಕ್ಕೊಮ್ಮೆ ಪೂರೈಕೆದಾರರನ್ನು ಬದಲಿಸುತ್ತವೆ ಎಂದಾದರೆ, ಯಾವುದೇ ಒಂದು ವರ್ಷದಲ್ಲಿ ಮಾರುಕಟ್ಟೆಗೆ ಇಳಿಯುವವರು ಶೇ 20, ಮೂರು ತಿಂಗಳ ಅವಧಿಯಲ್ಲಿ ಶೇ 5. ಉಳಿದ ಶೇ 95 ಮಂದಿಗೆ ಇವತ್ತು ಏನನ್ನೂ ಮಾರಲು ಆಗುವುದಿಲ್ಲ. ನಾಳೆ ಅವರಿಗೆ ಬೇಕಾದಾಗ ನೆನಪಿಗೆ ಬರುವಂತೆ ಇರಬಹುದು, ಅಷ್ಟೇ.

ಈ ಲೆಕ್ಕವನ್ನು ಒಂದು ಮಿಡಿಸೌತೆ ಘಟಕಕ್ಕೆ ಹಚ್ಚಿ ನೋಡೋಣ. ಅದರ ಮಾಲು ಕೊಳ್ಳಬಲ್ಲ ಕಂಪನಿಗಳು 40 ಎಂದಿಟ್ಟುಕೊಳ್ಳಿ. ಪ್ರತಿ ಕಂಪನಿಯಲ್ಲೂ ತೀರ್ಮಾನದಲ್ಲಿ ಕೈಯಿರುವವರು ನಾಲ್ವರು: ಖರೀದಿ ಮುಖ್ಯಸ್ಥ, ಗುಣಮಟ್ಟ ನೋಡುವವರು, ತಾಂತ್ರಿಕ ವಿಭಾಗದವರು, ಸಾಗಣೆ ನೋಡಿಕೊಳ್ಳುವವರು. ಒಟ್ಟು 160 ಜನ. ಮೂರು ತಿಂಗಳಲ್ಲಿ ಬದಲಾವಣೆಗೆ ಮನಸ್ಸು ಮಾಡುವ ಕಂಪನಿಗಳು ಎರಡೇ ಎರಡು, ಅವು ಯಾವುವೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ನಲವತ್ತರ ಕಣ್ಣಿಗೂ ವರ್ಷವಿಡೀ ಬೀಳುತ್ತಿರಬೇಕು.

ಹಾಗಾದರೆ ಜಾಹೀರಾತು ಕೊಟ್ಟರಾಯಿತಲ್ಲ ಎನಿಸಬಹುದು. ಅಲ್ಲೇ ತೊಡಕು. ಲಿಂಕ್ಡ್‌ಇನ್‌ನಲ್ಲಿ ಜಾಹೀರಾತು ಓಡಬೇಕಾದರೆ ಅದನ್ನು ನೋಡುವ ಗುಂಪಿನಲ್ಲಿ ಕನಿಷ್ಠ 300 ಸದಸ್ಯರು ಇರಬೇಕು. ನಮ್ಮ ಪಟ್ಟಿ ಅದರ ಅರ್ಧಕ್ಕೆ ತುಸು ಮೇಲಿದೆ. ಸಂಖ್ಯೆ ತುಂಬಿಸಲು ಆ ಕಂಪನಿಗಳ ಲೆಕ್ಕಪತ್ರದವರನ್ನೂ ಸೇರಿಸಿಕೊಂಡರೆ, ಉಪ್ಪಿನಕಾಯಿಗೆ ಸಂಬಂಧವೇ ಇಲ್ಲದವರಿಗೆ ತೋರಿಸಿದ್ದಕ್ಕೂ ದುಡ್ಡು ತೆರಬೇಕಾಗುತ್ತದೆ. ಕೊಳ್ಳುವವರು ಇಷ್ಟು ಕಡಿಮೆ ಇದ್ದಾಗ ಜಾಹೀರಾತಿಗಿಂತ ಮನುಷ್ಯರೇ ವಾಸಿ. ಕಂಪನಿಯ ಪೇಜ್ ಹೆಸರಿಗೊಂದು ಇರಲಿ. ಬರೆಯಬೇಕಾದವರು ರಫ್ತು ಮ್ಯಾನೇಜರ್ ಮತ್ತು ಗುಣಮಟ್ಟ ವಿಭಾಗದ ಮುಖ್ಯಸ್ಥರು, ತಮ್ಮದೇ ಖಾತೆಯಿಂದ. ಆ 160 ಜನರಿಗೆ ಒಬ್ಬೊಬ್ಬರಾಗಿ ಪರಿಚಯದ ಕೋರಿಕೆ ಕಳಿಸಬೇಕು. ಜೊತೆಗೆ ದರಪಟ್ಟಿ ಲಗತ್ತಿಸಬಾರದು.

ಬರೆಯುವುದಾದರೂ ಏನನ್ನು? ಉತ್ತರ ಹೊಲದಲ್ಲೇ ಇದೆ. ಮಿಡಿಸೌತೆ ಸುಮಾರು 90 ದಿನದ ಬೆಳೆ. ಅದರ ದರ ನಿಲ್ಲುವುದು ಒಂದು ಕೆಜಿಗೆ ಎಷ್ಟು ಕಾಯಿ ಎಂಬುದರ ಮೇಲೆ. 160ಕ್ಕಿಂತ ಹೆಚ್ಚು ಕಾಯಿ ತೂಗಿದರೆ ಅದು ಸಣ್ಣ ದರ್ಜೆ, ಬೆಲೆ ಹೆಚ್ಚು. 30ರಿಂದ 60 ತೂಗುವುದು ದಪ್ಪ ಕಾಯಿ, ಬೆಲೆ ಕಡಿಮೆ. ಮಳೆ ಹಿಡಿದು ಒಂದು ದಿನ ಕೊಯ್ಲು ತಪ್ಪಿದರೂ ಕಾಯಿ ದಪ್ಪಗಾಗಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಹ್ಯಾಂಬರ್ಗಿನಲ್ಲಿ ಕುಳಿತ ಖರೀದಿದಾರನಿಗೆ ಇದು ತಿಳಿಯುವುದು ಎಷ್ಟೋ ವಾರಗಳ ಮೇಲೆ, ಡ್ರಮ್ ತೆರೆದಾಗ.

ಹೀಗಿರುವಾಗ ರಫ್ತು ಮ್ಯಾನೇಜರ್ ಬರೆಯುವ ನಾಲ್ಕು ಸಾಲಿಗೆ ತೂಕ ಬರುತ್ತದೆ: ‘ಹಾಸನ ಭಾಗದಲ್ಲಿ ನಾಲ್ಕು ದಿನದಿಂದ ಮಳೆ. ಸಣ್ಣ ದರ್ಜೆಯ ಕಾಯಿ ಈ ವಾರ ಕಡಿಮೆ. ಬಿಸಿಲು ಬಿದ್ದರೆ ಹತ್ತು ದಿನದಲ್ಲಿ ಸರಿಹೋಗಬಹುದು. ಸೆಪ್ಟೆಂಬರ್ ಸಾಗಣೆಗೆ ಸಣ್ಣದನ್ನೇ ನೆಚ್ಚಿದವರು ಈಗಲೇ ಮಾತಾಡುವುದು ಒಳ್ಳೆಯದು.’ ಜೊತೆಗೆ ವಿಂಗಡಣೆ ಮೇಜಿನ ಒಂದು ಫೋಟೊ. ಇದನ್ನು ಓದಿದ ಖರೀದಿ ಮುಖ್ಯಸ್ಥ ಲೈಕ್ ಒತ್ತಲಿಕ್ಕಿಲ್ಲ, ತನ್ನ ಈಗಿನ ಪೂರೈಕೆದಾರನಿಗೆ ಫೋನ್ ಮಾಡಿ ವಿಚಾರಿಸುತ್ತಾನೆ. ಆ ಕಡೆಯಿಂದ ‘ಎಲ್ಲ ಚೆನ್ನಾಗಿದೆ’ ಎಂಬ ಉತ್ತರ ಬಂದು, ಆಮೇಲೆ ಸಣ್ಣ ಕಾಯಿ ಬಾರದೇ ಹೋದರೆ, ಮೊದಲೇ ಎಚ್ಚರಿಸಿದವರ ಹೆಸರು ಅವನ ತಲೆಯಲ್ಲಿ ಉಳಿದಿರುತ್ತದೆ.

ಕೆಟ್ಟ ಸುದ್ದಿಯನ್ನು ತಾವೇ ಹೇಳಲು ನಮ್ಮ ರಫ್ತುದಾರರು ಹಿಂಜರಿಯುತ್ತಾರೆ. ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ಲೈನ್ ಹಿಂಜರಿಯಲಿಲ್ಲ. 2012ರಲ್ಲಿ ಅದರ ಮೇರ್ಸ್ಕ್ ನಾರ್ವಿಚ್ ಹಡಗು ತಿಮಿಂಗಿಲಕ್ಕೆ ಡಿಕ್ಕಿ ಹೊಡೆದಾಗ ಕಂಪನಿ ಆ ಘಟನೆಯನ್ನು ತನ್ನ ಸೋಶಿಯಲ್ ಮೀಡಿಯಾ ಪುಟಗಳಲ್ಲೇ ಮುಚ್ಚುಮರೆಯಿಲ್ಲದೆ ಚರ್ಚೆಗೆ ಇಟ್ಟಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳಿಂದಾಗಿ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿ, ಯುರೋಪಿನ ಪ್ರಯಾಣ ಹತ್ತು ಹದಿನೈದು ದಿನ ಹೆಚ್ಚಾಯಿತು. ಯಾವ ಹಡಗು ಎಲ್ಲಿದೆ, ಮಾಲು ಯಾವಾಗ ಮುಟ್ಟಬಹುದು ಎಂಬುದನ್ನು ಅಂಥ ಹೊತ್ತಿನಲ್ಲಿ ವಾರಕ್ಕೊಮ್ಮೆ ಬರೆಯುವ ಪೂರೈಕೆದಾರನನ್ನು ಸಾಗಣೆ ವಿಭಾಗದವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.

ಫೋಟೊ ಹಾಕುವಾಗ ಮಾತ್ರ ಕಣ್ಣು ನೆಟ್ಟಗಿರಬೇಕು. ವಿಂಗಡಣೆ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಕೈಯಲ್ಲಿ ಬಳೆ ಕಂಡರೂ, ಒಬ್ಬರ ತಲೆಗೆ ಬಲೆಟೋಪಿ ಇರದಿದ್ದರೂ, ಗುಣಮಟ್ಟದವರು ಅದನ್ನು ಆಡಿಟ್ ಕಣ್ಣಿನಿಂದಲೇ ನೋಡುತ್ತಾರೆ. ಹೊಲದ ಚಿತ್ರದ ಮೂಲೆಯಲ್ಲಿ ಬುಟ್ಟಿ ಹಿಡಿದ ಮಗುವೊಂದು ಕಂಡರಂತೂ ಆ ವರ್ಷದ ಮಾತುಕತೆ ಅಲ್ಲಿಗೇ ಮುಗಿಯಿತು. ಫೋಟೊ ತೆಗೆದುಹಾಕಿದರೆ ಸಾಲದು, ಅಲ್ಲಿ ಆ ಮಗು ದುಡಿಯುತ್ತಿದ್ದರೆ ಅದನ್ನು ನಿಲ್ಲಿಸಬೇಕಾದದ್ದು ಹೊಲದಲ್ಲಿ. ಬಾಟಲಿಯ ಮೇಲಿನ ಲೇಬಲ್ ಇನ್ನೊಂದು ಅಪಾಯ. ಬೇರೆಯವರ ಬ್ರ್ಯಾಂಡಿಗೆ ತುಂಬಿಸಿಕೊಡುವ ಒಪ್ಪಂದಗಳಲ್ಲಿ ಗೋಪ್ಯತೆಯ ಷರತ್ತು ಸಾಮಾನ್ಯ. ಲೇಬಲ್ ಕಾಣುವ ಒಂದು ಚಿತ್ರ ಆ ಷರತ್ತನ್ನು ಮುರಿಯುತ್ತದೆ, ಜೊತೆಗೆ ನಿಮ್ಮ ಗಿರಾಕಿ ಯಾರೆಂದು ಪೈಪೋಟಿಯವರಿಗೆ ಬಿಟ್ಟಿಯಾಗಿ ಹೇಳಿಬಿಡುತ್ತದೆ.

ಕೆಲಸ ಫಲಿಸುತ್ತಿದೆಯೇ ಎಂದು ತಿಳಿಯಲು ಒಂದು ಎಕ್ಸೆಲ್ ಹಾಳೆ ಸಾಕು. ಅದರಲ್ಲಿ 160 ಹೆಸರು. ಕೋರಿಕೆ ಒಪ್ಪಿದರೇ, ಪ್ರೊಫೈಲ್ ನೋಡಿದರೇ, ಏನಾದರೂ ಕೇಳಿದರೇ, ಸ್ಯಾಂಪಲ್ ತರಿಸಿಕೊಂಡರೇ ಎಂಬುದನ್ನು ಆಯಾ ಹೆಸರಿನ ಮುಂದೆ ದಿನಾಂಕ ಸಮೇತ ಬರೆಯುತ್ತ ಹೋಗಬೇಕು. ಲೈಕ್ ನೂರಾರು ಬಂದು ಆರು ತಿಂಗಳಾದರೂ ಈ ಹಾಳೆ ಖಾಲಿ ಇದ್ದರೆ, ಬರಹ ತಪ್ಪು ಜನರಿಗೆ ತಲುಪುತ್ತಿದೆ ಎಂದರ್ಥ. ಒಂದೇ ಕಂಪನಿಯ ಖರೀದಿಯವರೂ ಗುಣಮಟ್ಟದವರೂ ಒಂದೇ ವಾರ ಪ್ರೊಫೈಲ್ ತೆರೆದು ನೋಡಿದ್ದರೆ ಒಳಗೆ ಏನೋ ಚರ್ಚೆ ನಡೆದಿರಬಹುದು. ಆಗ ಪೋಸ್ಟ್ ಬಿಟ್ಟು ಇಮೇಲ್ ಬರೆಯಬೇಕು, ಅಕ್ಟೋಬರಿನಲ್ಲಿ ಒಂದು ವರ್ಷ ಕಲೋನ್‌ನಲ್ಲೂ ಮರುವರ್ಷ ಪ್ಯಾರಿಸ್‌ನಲ್ಲೂ ನಡೆಯುವ ಆಹಾರ ಮೇಳಗಳಲ್ಲಿ ಭೇಟಿಗೆ ಸಮಯ ಕೇಳಬೇಕು.

ಹಾಳೆಯಲ್ಲಿ ರಷ್ಯಾದ ಹೆಸರುಗಳನ್ನು ಮಾತ್ರ ಬೇರೆ ಇಡಬೇಕಾಗುತ್ತದೆ. ಅಲ್ಲಿ ಲಿಂಕ್ಡ್‌ಇನ್ 2016ರಿಂದ ಬಂದ್. ಆ ಖರೀದಿದಾರರಿಗೆ ಅದೇ ಮಳೆಯ ಸುದ್ದಿ, ಅದೇ ದರ್ಜೆಯ ಲೆಕ್ಕ ಇಮೇಲಿನಲ್ಲೇ ಹೋಗಬೇಕು, ಸಾಧ್ಯವಾದರೆ ರಷ್ಯನ್ ಭಾಷೆಯಲ್ಲಿ.