ಗ್ರೂಪಿಗೆ ಹಾಕುವ ಮುಂಚೆ

2022ರ ನವೆಂಬರ್ 3ರಂದು ಟ್ವಿಟರ್ ಕಂಪನಿಯ ಎಲ್ಲ ನೌಕರರಿಗೂ ಒಂದೇ ಇಮೇಲ್ ಹೋಯಿತು. ಕೆಳಗೆ ಯಾವ ಅಧಿಕಾರಿಯ ಹೆಸರೂ ಇರಲಿಲ್ಲ, ಬರೀ ‘ಟ್ವಿಟರ್’ ಎಂದಿತ್ತು. ಮರುದಿನ ಬೆಳಗ್ಗೆ 9 ಗಂಟೆಯೊಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಬರುತ್ತದೆ, ಅದು ಕಚೇರಿಯ ಇಮೇಲ್‌ಗೆ ಬಂದರೆ ಕೆಲಸ ಉಳಿದಿದೆ, ಸ್ವಂತದ ಇಮೇಲ್‌ಗೆ ಬಂದರೆ ಇಲ್ಲ ಎಂಬುದು ಅದರ ಸಾರ. ಅಮೆರಿಕದ ಪಶ್ಚಿಮ ಕರಾವಳಿಯ ಆ 9 ಗಂಟೆಯೆಂದರೆ ಬೆಂಗಳೂರಿನಲ್ಲಿ ರಾತ್ರಿ 9.30. ಹಲವರಿಗೆ ಪತ್ರ ಬರುವ ಮೊದಲೇ ಲ್ಯಾಪ್‌ಟಾಪ್ ಲಾಕ್ ಆಯಿತು, ಕಚೇರಿಯ ಸ್ಲ್ಯಾಕ್ ತೆರೆಯದೆ ಹೋಯಿತು. ಯಾರೂ ಬಾಯಿಬಿಟ್ಟು ಹೇಳದೆಯೇ ಅವರಿಗೆ ವಿಷಯ ಅರ್ಥವಾಗಿತ್ತು.

ಕಾಗದದ ಮೇಲೆ ನೋಡಿದರೆ ಕಂಪನಿ ಎರಡೂ ದಾರಿಯನ್ನು ಹಿಡಿದಿತ್ತು. ಎಲ್ಲರಿಗೂ ಒಂದು ಸಂದೇಶ ಕಳಿಸಿತ್ತು, ಒಬ್ಬೊಬ್ಬರಿಗೂ ಒಂದೊಂದು ಪತ್ರ ಸಿದ್ಧ ಮಾಡಿತ್ತು. ಎಡವಿದ್ದು ಅನುಕ್ರಮದಲ್ಲಿ. ಯಾರಿಗೆ ಪೆಟ್ಟು ಬೀಳುತ್ತದೋ ಅವರು ಎಲ್ಲರಿಗಿಂತ ಮೊದಲು ತಿಳಿಯಬೇಕಿತ್ತು, ಅವರಿಗೇ ಕೊನೆಗೆ ತಿಳಿಯಿತು.

ಬೆಟರ್ ಡಾಟ್ ಕಾಮ್ ಎಂಬ ಗೃಹಸಾಲದ ಕಂಪನಿ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿತ್ತು. 2021ರ ಡಿಸೆಂಬರ್ 1ರಂದು ಅದರ ಮುಖ್ಯಸ್ಥ ವಿಶಾಲ್ ಗರ್ಗ್ ಸುಮಾರು 900 ಮಂದಿಯನ್ನು ಒಂದೇ ಜೂಮ್ ಕರೆಗೆ ಸೇರಿಸಿ, ಈ ಕರೆಯಲ್ಲಿ ಇರುವವರೆಲ್ಲರ ಕೆಲಸ ಹೋಯಿತು ಎಂದರು. ಮಾತು ಮುಗಿಯಲು ಕೆಲವೇ ನಿಮಿಷ ಸಾಕಾಯಿತು. ಅದರ ವಿಡಿಯೊ ಲೋಕವೆಲ್ಲ ಸುತ್ತಿ, ಗರ್ಗ್ ಕ್ಷಮೆ ಕೇಳಬೇಕಾಯಿತು. ಮುಂದಿನ ಮಾರ್ಚ್‌ನಲ್ಲಿ ಅದೇ ಕಂಪನಿ ಮತ್ತೆ ಜನರನ್ನು ತೆಗೆದಾಗ, ಕೆಲವರಿಗೆ ಸುದ್ದಿ ಹೇಳಿದ್ದು ಸಂಬಳದ ಆ್ಯಪ್. ಬಿಡುಗಡೆಯ ಹಣ ಅದರಲ್ಲಿ ಮೊದಲೇ ಕಾಣಿಸಿಕೊಂಡಿತ್ತು.

ಇವೆಲ್ಲ ದೊಡ್ಡ ಕಂಪನಿಗಳ ಪಾಡು ಎನ್ನುವಂತಿಲ್ಲ. ಹತ್ತು ಜನರ ಕಚೇರಿಗೂ ಇವತ್ತು ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಅಲ್ಲಿಗೆ ಬಂದು ಬೀಳುವ ಸುದ್ದಿಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು, ಅತ್ಯಂತ ಹೆಚ್ಚು ಕೆಡುವುದೂ ಹೌದು, ಸಹೋದ್ಯೋಗಿಯ ಕಾಯಿಲೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಲೆನಾಡಿನ ಯಾವುದೋ ಊರಿನ ಪತ್ತಿನ ಸಹಕಾರಿ ಸಂಘದ ಶಾಖೆ. ಹದಿನಾಲ್ಕು ಮಂದಿ ಸಿಬ್ಬಂದಿ. ಕ್ಯಾಷಿಯರ್ ಮೇಡಂಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿದೆ. ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕು, ತಿಂಗಳುಗಟ್ಟಲೆ ರಜೆ ಬೇಕು. ಅವರು ಮ್ಯಾನೇಜರ್ ಬಳಿ ಬಂದು ಹೇಳಿ ಹೋಗಿದ್ದಾರೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. ಸಂಜೆ ಮನೆಗೆ ಹೋಗಿ ಗ್ರೂಪಿಗೆ ಹೀಗೆ ಬರೆಯುತ್ತಾರೆ: ‘ನಮ್ಮ ಕ್ಯಾಷಿಯರ್ ಮೇಡಂಗೆ ಕ್ಯಾನ್ಸರ್ ಎಂದು ತಿಳಿಸಲು ವಿಷಾದವಾಗುತ್ತದೆ. ಎಲ್ಲರೂ ಪ್ರಾರ್ಥಿಸಿ.’

ಮುಂದಿನ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎಂಬುದನ್ನು ಯಾವ ಗ್ರೂಪಿನಲ್ಲಿ ಇರುವವರಾದರೂ ಊಹಿಸಬಲ್ಲರು. ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಒಬ್ಬರು ಯಾವ ಸ್ಟೇಜ್ ಎಂದು ಕೇಳುತ್ತಾರೆ. ಇನ್ನೊಬ್ಬರು ಕ್ಯಾನ್ಸರನ್ನೇ ಓಡಿಸುವ ಕಷಾಯದ ಫಾರ್ವರ್ಡ್ ಹಾಕುತ್ತಾರೆ. ಮತ್ತೊಬ್ಬರು ತಮ್ಮ ಚಿಕ್ಕಮ್ಮನಿಗೂ ಇದೇ ಆಗಿತ್ತು ಎಂದು ಶುರು ಮಾಡಿ, ಚಿಕ್ಕಮ್ಮ ಏನಾದರು ಎಂದು ಹೇಳದೆ ನಿಲ್ಲಿಸುತ್ತಾರೆ. ಇದನ್ನೆಲ್ಲ ಆ ಮೇಡಂ ಓದುತ್ತಿದ್ದಾರೆ, ಏಕೆಂದರೆ ಅವರೂ ಅದೇ ಗ್ರೂಪಿನಲ್ಲಿದ್ದಾರೆ.

ಮ್ಯಾನೇಜರ್ ಮರೆತ ಇನ್ನೊಂದು ವಿಷಯ, ಗ್ರೂಪಿನ ಸದಸ್ಯರ ಪಟ್ಟಿ. ಸಿಬ್ಬಂದಿ ಹದಿನಾಲ್ಕು ಮಂದಿಯಾದರೂ ಗ್ರೂಪಿನಲ್ಲಿ ಇರುವವರು ಅದಕ್ಕಿಂತ ಜಾಸ್ತಿ. ಎರಡು ವರ್ಷದ ಹಿಂದೆ ಬೇರೆ ಶಾಖೆಗೆ ವರ್ಗವಾದವರು ಇನ್ನೂ ಇದ್ದಾರೆ, ನಿವೃತ್ತರಾದ ಅಟೆಂಡರ್ ಇದ್ದಾರೆ, ಪಿಗ್ಮಿ ಏಜೆಂಟರು ಇದ್ದಾರೆ. ಪಿಗ್ಮಿ ಸಂಗ್ರಹಿಸುವವರು ಬೆಳಗಾದರೆ ಅಂಗಡಿ ಅಂಗಡಿ ಹತ್ತಿ ಇಳಿಯುವವರು. ಮೇಡಂ ಇನ್ನೂ ತಮ್ಮ ತಾಯಿಗೆ ಹೇಳಿರಲಿಲ್ಲ ಎಂದಿಟ್ಟುಕೊಳ್ಳಿ. ಮರುದಿನ ಮಧ್ಯಾಹ್ನದೊಳಗೆ ತಾಯಿಗೆ ದಿನಸಿ ಅಂಗಡಿಯಲ್ಲಿ ಗೊತ್ತಾಗುತ್ತದೆ.

ಆಗ ಅಳಿಸಿ ಪ್ರಯೋಜನವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು ಕಾಲಾವಕಾಶವಿದೆ, ನಿಜ. ಆದರೆ ಅಳಿಸಿದ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ, ನೋಡದವರಿಗೂ ಅದು ಕುತೂಹಲ ಹುಟ್ಟಿಸುತ್ತದೆ. ಅಷ್ಟರಲ್ಲಿ ಯಾರಾದರೂ ಬೇರೆ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿಗೆ ಏನೂ ಆಗುವುದಿಲ್ಲ. ಸ್ಕ್ರೀನ್‌ಶಾಟ್ ಅಂತೂ ಸರಿಯೇ ಸರಿ.

ಇದೇ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮಾಡಬಹುದಿತ್ತು. ಮೇಡಂ ಎದ್ದು ಹೋಗುವ ಮುಂಚೆ ಮ್ಯಾನೇಜರ್ ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ಮೇಡಂ, ಬೇರೆಯವರು ಕೇಳಿದರೆ ಏನು ಹೇಳಲಿ?’ ಅವರು ‘ಆರೋಗ್ಯ ಸರಿಯಿಲ್ಲ, ರಜೆ ಅಂದುಬಿಡಿ ಸರ್’ ಎನ್ನಬಹುದು. ‘ಇರುವುದನ್ನೇ ಹೇಳಿ, ಸುತ್ತಿ ಬಳಸಿ ಕೇಳಿಸಿಕೊಳ್ಳುವುದು ನನಗೆ ಬೇಡ’ ಎಂದೂ ಎನ್ನಬಹುದು. ಹಾಗೆ ಎನ್ನುವವರು ಕಡಿಮೆಯೇನಲ್ಲ. ಸುದ್ದಿ ಅವರದ್ದು, ಆದ್ದರಿಂದ ಮಾತೂ ಅವರದ್ದೇ ಆಗಿರಬೇಕು. ಅವರು ಬಳಸಿದ ಪದವನ್ನು ಬದಲಿಸದೆ ಬರೆದುಕೊಂಡರೆ ಮ್ಯಾನೇಜರಿನ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಎರಡನೆಯದು, ಈ ಸುದ್ದಿಯಿಂದ ಯಾರ ಕೆಲಸ ಬದಲಾಗುತ್ತದೆ ಎಂಬ ಲೆಕ್ಕ. ತಿಜೋರಿಯ ನಗದು ಇಬ್ಬರ ಜಂಟಿ ಹೊಣೆಯಲ್ಲಿರುವುದು ಬ್ಯಾಂಕಿಂಗ್‌ನ ರೂಢಿ. ಒಂದು ಕೀಲಿ ಮೇಡಂ ಬಳಿ ಇದ್ದರೆ ಅದನ್ನು ಯಾರಾದರೂ ವಹಿಸಿಕೊಳ್ಳಬೇಕು. ಆ ಒಬ್ಬರಿಗೆ ಕೂರಿಸಿ ಹೇಳಬೇಕು, ಎಷ್ಟು ದಿನ ಎಂಬುದನ್ನೂ ಹೇಳಬೇಕು. ಕಾಯಿಲೆಯ ಹೆಸರು ಅವರಿಗೆ ಬೇಕಾಗಿಲ್ಲ. ರಜೆ ಮಂಜೂರು ಮಾಡುವ ಪ್ರಧಾನ ಕಚೇರಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಅದು ಅಲ್ಲಿಗೆ ನೇರವಾಗಿ ಹೋಗಲಿ. ಗುಮಾಸ್ತರ ಮೇಜಿನ ಮೇಲೆ ತೆರೆದಿಟ್ಟ ಪ್ರಮಾಣಪತ್ರವೂ ಒಂದು ಗ್ರೂಪ್ ಮೆಸೇಜೇ.

ಇದೆಲ್ಲ ಆದ ಮೇಲೆ, ಅದೇ ದಿನ, ಗ್ರೂಪಿಗೆ: ‘ಕ್ಯಾಷಿಯರ್ ಮೇಡಂ ಸೋಮವಾರದಿಂದ ದೀರ್ಘ ರಜೆಯಲ್ಲಿರುತ್ತಾರೆ. ಕ್ಯಾಷ್ ಕೌಂಟರ್ ಜವಾಬ್ದಾರಿಯನ್ನು ಶಾಖೆಯಲ್ಲೇ ಹಂಚಿಕೊಂಡಿದ್ದೇವೆ. ಏನಾದರೂ ಕೇಳುವುದಿದ್ದರೆ ನನ್ನನ್ನು ಕೇಳಿ, ಸದ್ಯಕ್ಕೆ ಅವರಿಗೆ ಫೋನ್ ಮಾಡುವುದು ಬೇಡ ಎಂದು ಅವರೇ ಕೋರಿದ್ದಾರೆ.’ ಇದನ್ನು ಕಳಿಸುವ ಮೊದಲು ಮೇಡಂಗೆ ಒಮ್ಮೆ ತೋರಿಸುವುದು. ‘ಅದೇ ದಿನ’ ಎಂಬುದು ಮುಖ್ಯ. ಖಾಸಗಿಯಾಗಿ ಹೇಳಿದ್ದಕ್ಕೂ ಗ್ರೂಪಿಗೆ ಹಾಕುವುದಕ್ಕೂ ನಡುವೆ ಎರಡು ದಿನ ಬಿಟ್ಟರೆ, ಆ ಅಂತರದಲ್ಲಿ ವದಂತಿ ತನ್ನದೇ ಸಂದೇಶ ಬರೆದುಕೊಳ್ಳುತ್ತದೆ. ಕ್ಯಾಷಿಯರ್ ಇದ್ದಕ್ಕಿದ್ದಂತೆ ಕಾಣದಾದರೆ ಸಹಕಾರಿ ಸಂಘದಲ್ಲಿ ಮೊದಲು ಹುಟ್ಟುವ ಅನುಮಾನ ಕಾಯಿಲೆಯದ್ದಲ್ಲ, ಹಣದ್ದು.

ಖಾಸಗಿಯಾಗಿ ಹೇಳುವುದೆಂದರೆ ಖಾಸಗಿ ಮೆಸೇಜೇ ಆಗಬೇಕೆಂದೂ ಇಲ್ಲ. ಫೋನ್ ಲಾಕ್ ಆಗಿದ್ದರೂ ಪರದೆಯ ಮೇಲೆ ಮೊದಲ ಸಾಲು ಮೂಡುವ ಫೋನುಗಳೇ ಜಾಸ್ತಿ, ಅದನ್ನು ಮೇಜಿನ ಪಕ್ಕದಲ್ಲಿ ಕುಳಿತವರೂ ಓದಬಲ್ಲರು. ಭಾರವಾದ ಸುದ್ದಿಗೆ ಎದುರು ಮಾತು ಅಥವಾ ಕರೆ ಲೇಸು. ಮೆಸೇಜಿನ ಕೆಲಸ ಆ ಮಾತಿಗೆ ಸಮಯ ಗೊತ್ತು ಮಾಡುವುದಷ್ಟೇ. ಅದರಲ್ಲೂ ‘ಸ್ವಲ್ಪ ಮಾತಾಡಬೇಕು, ಬನ್ನಿ’ ಎಂದಷ್ಟೇ ಕಳಿಸಿ ಮೂರು ಗಂಟೆ ಕಾಯಿಸುವ ಮೇಲಧಿಕಾರಿಗಳಿದ್ದಾರೆ. ಮೀಟಿಂಗ್ ಯಾವ ವಿಷಯಕ್ಕೆ ಎಂಬ ಒಂದು ಪದ ಸೇರಿಸಿದರೆ, ರಜೆ ಹಂಚಿಕೆ ಎಂದೋ ವರ್ಗಾವಣೆ ಎಂದೋ, ಆ ಮೂರು ಗಂಟೆಯ ಸಂಕಟ ತಪ್ಪುತ್ತದೆ.

ಕೆಲವು ಸುದ್ದಿಗಳಲ್ಲಿ ಆಯ್ಕೆಯನ್ನು ಕಾನೂನೇ ಮಾಡಿಟ್ಟಿದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರಿನ ವಿವರ, ದೂರು ಕೊಟ್ಟ ಮಹಿಳೆಯ, ಆರೋಪಕ್ಕೆ ಒಳಗಾದವರ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯ ಕಲಾಪ ಯಾವುದನ್ನೂ ಸಾರ್ವಜನಿಕರಿಗೆ ತಿಳಿಸುವಂತಿಲ್ಲ. ವಿಷಯವನ್ನು ನಿರ್ವಹಿಸುವ ಹೊಣೆ ಹೊತ್ತವರೇ ಅದನ್ನು ಬಯಲು ಮಾಡಿದರೆ ನಿಯಮಗಳ ಪ್ರಕಾರ 5,000 ರೂಪಾಯಿ ದಂಡ. ಸಂತ್ರಸ್ತೆಗೆ ನ್ಯಾಯ ಸಿಕ್ಕಿತು ಎಂಬುದನ್ನು ಗುರುತು ಬಿಟ್ಟುಕೊಡದೆ ತಿಳಿಸಲು ಮಾತ್ರ ಅವಕಾಶವಿದೆ. ಇದು ಓದಲು ಸುಲಭ, ಸಣ್ಣ ಕಚೇರಿಯಲ್ಲಿ ಪಾಲಿಸುವುದು ಕಷ್ಟ. ಇಬ್ಬರೇ ಮಹಿಳೆಯರಿರುವ ಶಾಖೆಯಲ್ಲಿ ‘ಒಬ್ಬ ಮಹಿಳಾ ಸಿಬ್ಬಂದಿಯ ದೂರಿನ ಮೇರೆಗೆ’ ಎಂದು ಬರೆದರೆ ಹೆಸರು ಬರೆದಂತೆಯೇ ಆಯಿತು. ಅಲ್ಲಿ ಗ್ರೂಪಿಗೆ ಏನನ್ನೂ ಹಾಕದಿರುವುದೇ ಸರಿ.

ಸಾವಿನ ಸುದ್ದಿ ಬೇರೆ ಬಗೆಯದು. ಅದು ಎಲ್ಲರಿಗೂ ಬೇಗ ತಿಳಿಯಬೇಕು, ಇಲ್ಲದಿದ್ದರೆ ಅಂತಿಮ ದರ್ಶನ ತಪ್ಪುತ್ತದೆ. ಇಲ್ಲಿ ನೋಡಬೇಕಾದದ್ದು ಮನೆಯವರಿಗೆಲ್ಲ ತಿಳಿದಿದೆಯೇ ಎಂಬುದನ್ನು. ಊರಿಂದ ಬಸ್ಸಿನಲ್ಲಿ ಬರುತ್ತಿರುವ ಮಗನಿಗೆ ‘ಅಪ್ಪನಿಗೆ ಹುಷಾರಿಲ್ಲ’ ಎಂದಷ್ಟೇ ಹೇಳಿ ಕರೆಸಿಕೊಂಡಿರಬಹುದು. ಗ್ರೂಪಿಗೆ ಹಾಕಿದ ಮೇಲೆ ಇನ್ನೊಂದು ತೊಡಕು: ‘ಓಂ ಶಾಂತಿ’ಗಳ ರಾಶಿಯ ಕೆಳಗೆ ಅಂತ್ಯಕ್ರಿಯೆಯ ಜಾಗ, ಹೊತ್ತು ಹೂತುಹೋಗುತ್ತದೆ, ಎಲ್ಲಿ, ಎಷ್ಟು ಗಂಟೆಗೆ ಎಂದು ಮತ್ತೆ ಮತ್ತೆ ಕೇಳುವವರು ಶುರುವಾಗುತ್ತಾರೆ. ಆ ಒಂದು ಸಂದೇಶವನ್ನು ಗ್ರೂಪಿನ ಮೇಲ್ಭಾಗಕ್ಕೆ ಪಿನ್ ಮಾಡಿದರೆ ಸಾಕು. ಹಾಗೆ ಮಾಡುವ ಅಡ್ಮಿನ್‌ಗಳು ಅಪರೂಪ.

ಇಷ್ಟೆಲ್ಲ ಓದಿ, ಸೂಕ್ಷ್ಮವಾದದ್ದೆಲ್ಲ ಖಾಸಗಿಯಾಗಿಯೇ ಇರಲಿ ಎಂದುಕೊಂಡರೆ ಸಂಬಳದ ವಿಷಯದಲ್ಲಿ ತಪ್ಪು ಬೀಳುತ್ತದೆ. ಈ ತಿಂಗಳ ಸಂಬಳ ತಡವಾಗುತ್ತದೆ ಎಂಬ ಸುದ್ದಿ ಎಲ್ಲರಿಗೂ ಒಂದೇ ತೂಕದ್ದು. ಅದನ್ನು ಮ್ಯಾನೇಜರ್ ತಮಗೆ ಹತ್ತಿರದ ನಾಲ್ವರಿಗೆ ಮೊದಲು ಪಿಸುಗುಟ್ಟಿದರೆ, ಉಳಿದ ಹತ್ತು ಮಂದಿಗೆ ಸಂಬಳ ತಡವಾಯಿತು ಎನ್ನುವುದಕ್ಕಿಂತ ತಮಗೆ ತಡವಾಗಿ ಹೇಳಿದರು ಎಂಬುದೇ ಹೆಚ್ಚು ಉರಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತಾರೀಕು ಹೇಳಿದ್ದರಂತೂ ಊಟದ ಹೊತ್ತಿಗೆ ಅವು ತಾಳೆ ನೋಡಲ್ಪಡುತ್ತವೆ. ಇದು ಗ್ರೂಪಿಗೇ ಬರಬೇಕಾದ ಮಾತು: ಎಷ್ಟು ತಡ, ಪೂರ್ತಿ ಬರುತ್ತದೋ ಅರ್ಧವೋ, ಕಾರಣವೇನು, ಮುಂದಿನ ಮಾಹಿತಿ ಯಾವ ದಿನ. ಆ ದಿನ ಬಂದಾಗ ಹೊಸದೇನೂ ಇಲ್ಲದಿದ್ದರೆ ‘ಹೊಸದೇನೂ ಇಲ್ಲ’ ಎಂದಾದರೂ ಹಾಕಬೇಕು.

ಅಂಥ ಸಂದೇಶದ ಕೆಳಗೆ ಯಾರಾದರೂ ‘ಸರ್, ನನ್ನ ಮನೆ ಸಾಲದ ಕಂತು 5ನೇ ತಾರೀಕಿಗೆ ಇದೆ’ ಎಂದು ಬರೆಯುತ್ತಾರೆ. ಉತ್ತರವನ್ನು ಗ್ರೂಪಿನಲ್ಲೇ ಕೊಟ್ಟರೆ ಅವರ ಮನೆ ಸಾಲದ ಕಥೆ ಎಲ್ಲರ ಎದುರು ಬಿಚ್ಚಿಕೊಳ್ಳುತ್ತದೆ. ಆ ಸಾಲನ್ನು ಒತ್ತಿ ಹಿಡಿದರೆ ತೆರೆಯುವ ಪಟ್ಟಿಯಲ್ಲಿ Reply privately ಎಂಬ ಆಯ್ಕೆಯಿದೆ. ಮ್ಯಾನೇಜರ್ ಅಲ್ಲಿಂದ ಅವರೊಬ್ಬರಿಗೇ ಬರೆದು, ಮುಂಗಡ ಕೊಡಲು ಸಾಧ್ಯವೇ ಎಂಬುದನ್ನು ಮಾತಾಡಿ, ಗ್ರೂಪಿನಲ್ಲಿ ‘ಈ ತೊಂದರೆ ಇರುವವರು ನನಗೆ ನೇರವಾಗಿ ತಿಳಿಸಿ, ನಾಳೆ ಸಂಜೆಯೊಳಗೆ’ ಎಂದು ಒಂದು ಸಾಲು ಹಾಕಬಹುದು. ಅಲ್ಲಿಯತನಕ ಸುಮ್ಮನಿದ್ದ ಇನ್ನೂ ಇಬ್ಬರು ಮೂವರು ಆಗ ಮೆಸೇಜ್ ಕಳಿಸುತ್ತಾರೆ.