ಗುರಿಯೇ ಇಲ್ಲದ ಶಾಖೆಗೆ ಶೇಕಡಾ ಎಷ್ಟು?

ಒಂದು ಬಟ್ಟೆ ವ್ಯಾಪಾರದ ನಾಲ್ಕು ಶಾಖೆಗಳ ತಿಂಗಳ ಲೆಕ್ಕ ಪವರ್ ಬಿಐ ವರದಿಯಲ್ಲಿದೆ ಎಂದುಕೊಳ್ಳೋಣ. ಮೈಸೂರಿಗೆ 10 ಲಕ್ಷದ ಗುರಿ, ಮಾರಾಟ 8 ಲಕ್ಷ. ಹೊಸದಾಗಿ ತೆರೆದ ಹುಬ್ಬಳ್ಳಿಯಲ್ಲಿ 3 ಲಕ್ಷದ ವ್ಯಾಪಾರವಾಗಿದೆ, ಗುರಿ ಮಾತ್ರ ಇನ್ನೂ ಯಾರೂ ಕೊಟ್ಟಿಲ್ಲ. ಕಲಬುರಗಿಗೆ 5 ಲಕ್ಷದ ಗುರಿಯಿದ್ದರೂ ದುರಸ್ತಿಗೆಂದು ಬಾಗಿಲು ಹಾಕಿದ್ದರಿಂದ ಒಂದು ಬಿಲ್ಲೂ ಆಗಿಲ್ಲ. ಶಿವಮೊಗ್ಗದ್ದು ಹೆಸರು ಮಾತ್ರ ಪಟ್ಟಿ ಸೇರಿದೆ. ಅಂಗಡಿ ಇನ್ನೂ ಶುರುವಾಗಿಲ್ಲ.

ಮಾರಾಟವನ್ನು ಗುರಿಯಿಂದ ಭಾಗಿಸುವ ಮೆಷರ್‌ನಲ್ಲಿ `/` ಚಿಹ್ನೆ ಬಳಸಿದರೆ ಮೈಸೂರಿಗೆ 80% ಸರಿಯಾಗಿಯೇ ಬರುತ್ತದೆ. ಹುಬ್ಬಳ್ಳಿಯ ಸಾಲಿನಲ್ಲಿ ಮಾತ್ರ `Infinity` ಎಂದು ಕಾಣುತ್ತದೆ. ಡ್ಯಾಕ್ಸ್ ಭಾಷೆ ಭಾಗಾಕಾರದಲ್ಲಿ ಖಾಲಿ ಛೇದವನ್ನು ಸೊನ್ನೆಯಂತೆಯೇ ನಡೆಸಿಕೊಳ್ಳುವುದು ಇದಕ್ಕೆ ಕಾರಣ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ `NaN` ಬರುತ್ತದೆ.

ಇದಕ್ಕೆಂದೇ ಇರುವುದು `DIVIDE`. ಛೇದ ಸೊನ್ನೆಯೋ ಖಾಲಿಯೋ ಆಗಿದ್ದರೆ ಅದು ಉತ್ತರವನ್ನು ಖಾಲಿ ಬಿಡುತ್ತದೆ. ಮೂರನೆಯ ಜಾಗದಲ್ಲಿ ಬದಲಿ ಉತ್ತರ ಕೊಡುವ ಅವಕಾಶವೂ ಉಂಟು, ಎಡವುವವರು ಎಡವುವುದು ಅಲ್ಲೇ. ಅಚ್ಚುಕಟ್ಟಾಗಿ ಕಾಣಲೆಂದು 0 ಹಾಕಿದರೆ, 3 ಲಕ್ಷ ಮಾರಿದ ಹುಬ್ಬಳ್ಳಿಯವರು 0% ಸಾಧಿಸಿದಂತೆ ತೋರುತ್ತದೆ. ಇನ್ನೊಂದು ತೊಂದರೆ: ಎಲ್ಲ ಮೆಷರ್‌ಗಳೂ ಖಾಲಿಯಿರುವ ಸಾಲನ್ನು ಪವರ್ ಬಿಐ ಸಾಮಾನ್ಯವಾಗಿ ತೋರಿಸುವುದಿಲ್ಲ. ಬದಲಿಯಾಗಿ 0 ಕೊಟ್ಟ ಕೂಡಲೇ, ಇನ್ನೂ ಹುಟ್ಟದ ಶಿವಮೊಗ್ಗವೂ ಕೋಷ್ಟಕದಲ್ಲಿ ಬಂದು ಕೂರುತ್ತದೆ. ನಾಲ್ಕು ಶಾಖೆಗಳಿದ್ದಾಗ ಸಹಿಸಬಹುದು. ಸಾವಿರಾರು ಸರಕುಗಳ ಪಟ್ಟಿಯಾದರೆ ವರದಿ ಅನಗತ್ಯ ಸಾಲುಗಳಿಂದ ತುಂಬಿ ನಿಧಾನವೂ ಆಗುತ್ತದೆ.

ಹಾಗೆಂದು ಎಲ್ಲ ಖಾಲಿಯೂ ಒಂದೇ ಅರ್ಥದ್ದಲ್ಲ. ಕಲಬುರಗಿಗೆ ಗುರಿಯಿತ್ತು, ಮಾರಾಟ ಆಗಲಿಲ್ಲ. ಅಲ್ಲಿ ನಿಜವಾದ ಉತ್ತರ 0%. ಆದರೆ ಅಂಶ ಖಾಲಿಯಿದ್ದರೆ `DIVIDE` ಕೊಡುವ ಫಲವೂ ಖಾಲಿಯೇ, ಹಾಗಾಗಿ ವರದಿ ಓದುವವರಿಗೆ ಈ ಸೋಲು ಕಾಣುವುದೇ ಇಲ್ಲ. ಉಪಾಯ ಚಿಕ್ಕದು:

```
Achievement % = DIVIDE([Sales] + 0, [Target])
```

ಖಾಲಿಗೆ 0 ಕೂಡಿದರೆ 0 ಆಗುತ್ತದೆ. ಕಲಬುರಗಿಗೆ 0% ಬರುತ್ತದೆ. ಹುಬ್ಬಳ್ಳಿ, ಶಿವಮೊಗ್ಗಗಳಿಗೆ ಛೇದವೇ ಇಲ್ಲದ ಕಾರಣ ಅವುಗಳ ಶೇಕಡಾ ಖಾಲಿಯಾಗಿಯೇ ಉಳಿಯುತ್ತದೆ. ಹುಬ್ಬಳ್ಳಿಯ ಮಾರಾಟದ ಅಂಕಿ ಮಾತ್ರ ಎಂದಿನಂತೆ ತನ್ನ ಸಾಲಿನಲ್ಲಿರುತ್ತದೆ.

ಒಟ್ಟು ಸಾಲನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಬೇಕು. ಅಲ್ಲಿ ಮೆಷರ್ ಶಾಖೆಗಳ ಶೇಕಡಾಗಳನ್ನು ಕೂಡುವುದಿಲ್ಲ, ಒಟ್ಟು ಮಾರಾಟ 11 ಲಕ್ಷವನ್ನು ಒಟ್ಟು ಗುರಿ 15 ಲಕ್ಷದಿಂದ ಹೊಸದಾಗಿ ಭಾಗಿಸಿ 73.3% ತೋರಿಸುತ್ತದೆ. ಗುರಿಯೇ ಇಲ್ಲದ ಹುಬ್ಬಳ್ಳಿಯ 3 ಲಕ್ಷವೂ ಅದರಲ್ಲಿ ಸೇರಿಕೊಂಡಿದೆ. ಗುರಿ ಪಡೆದ ಶಾಖೆಗಳನ್ನಷ್ಟೇ ಹಿಡಿದರೆ 15 ಲಕ್ಷಕ್ಕೆ 8 ಲಕ್ಷ, ಅಂದರೆ 53.3%. ಈ ವ್ಯತ್ಯಾಸವನ್ನು `DIVIDE` ಸರಿಪಡಿಸುವುದಿಲ್ಲ. ಗುರಿಯಿಲ್ಲದ ಶಾಖೆಗಳ ಮಾರಾಟವನ್ನು ಅಂಶದಿಂದಲೇ ಹೊರಗಿಡುವಂತೆ ಮೆಷರ್ ಬರೆಯಬೇಕಾಗುತ್ತದೆ.