ಉತ್ತರ ಕೊಡದ ಪ್ರಶ್ನೆ: ಕನಕದಾಸರು ನಮ್ಮ ನಾಲಿಗೆಗೆ ಬಿಟ್ಟ ಕೆಲಸ

ಇವತ್ತಿನ ವಿಷಯ ಕವಿತೆಯಲ್ಲಿ ಬರೋ ಪ್ರಶ್ನೆಗಳು. ಕವಿ ಪ್ರಶ್ನೆ ಕೇಳಿ ಉತ್ತರ ಹೇಳದೆ ಹೋದಾಗ, ಓದೋ ನಮ್ಮೊಳಗೆ ಏನಾಗುತ್ತೆ?

ಮೊದಲು ಎರಡು ಬಗೆಯ ಪ್ರಶ್ನೆಗಳನ್ನ ಬೇರೆ ಮಾಡ್ಕೊಳ್ಳೋಣ. ಹೊಸ ಫೋನ್ ಬೇಕು ಅಂದಾಗ ಅಮ್ಮ, “ದುಡ್ಡೇನು ಮರದಲ್ಲಿ ಬಿಡುತ್ತಾ?” ಅಂತಾರೆ. ಇದಕ್ಕೆ ಯಾರೂ ಉತ್ತರ ಕೊಡಲ್ಲ, ಯಾಕಂದ್ರೆ ಉತ್ತರ ಅದರೊಳಗೇ ಇದೆ. “ದುಡ್ಡು ಮರದಲ್ಲಿ ಬಿಡಲ್ಲ” ಅಂತ ಬದಲಾಯಿಸಿ ಹೇಳಿದ್ರೂ ಅರ್ಥ ಅದೇ, ಖಾರ ಮಾತ್ರ ಸ್ವಲ್ಪ ಕಮ್ಮಿ. ಇನ್ನೊಂದು ಬಗೆಯ ಪ್ರಶ್ನೆಯನ್ನ ಹೀಗೆ ಹೇಳಿಕೆಯಾಗಿ ತಿರುಗಿಸೋಕೇ ಆಗಲ್ಲ. ತಿರುಗಿಸೋಕೆ ಹೋದ್ರೆ, ಯಾವ ಕಡೆಗೆ ಅಂತಲೇ ಗೊತ್ತಾಗಲ್ಲ.

ಈ ಎರಡನೇ ಬಗೆಗೆ ಕನ್ನಡದಲ್ಲಿ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ‘ನೀ ಮಾಯೆಯೊಳಗೋ’. ಹದಿನಾರನೇ ಶತಮಾನದ ಕನಕದಾಸರ ಕೀರ್ತನೆ. ನೀವು ಕೇಳಿಯೇ ಇರ್ತೀರಿ. ಆದರೆ ಅದರ ಕಟ್ಟಡ ಗಮನಿಸಿದ್ದೀರಾ? ಹೆಚ್ಚುಕಮ್ಮಿ ಇಡೀ ಹಾಡು ಪ್ರಶ್ನೆಗಳಲ್ಲೇ ನಿಂತಿದೆ.

ಎರಡನೇ ಚರಣ ತಗೊಳ್ಳಿ. ಸಕ್ಕರೆ ಮತ್ತು ಸಿಹಿ, ಇವೆರಡರಲ್ಲಿ ಯಾವುದು ಯಾವುದರ ಒಳಗಿದೆ ಅಂತ ಕನಕರು ಕೇಳ್ತಾರೆ. ನಾವು ಥಟ್ಟನೆ “ಸಕ್ಕರೆಯೊಳಗೇ ಸಿಹಿ” ಅಂದ್ಕೊಳ್ತೀವಿ. ಅಷ್ಟರಲ್ಲಿ ಮೂರನೇ ಆಯ್ಕೆ ಬರುತ್ತೆ: ಇಲ್ಲಾ, ಎರಡೂ ನಾಲಿಗೆಯಲ್ಲೇ ಇವೆಯಾ? ಅಲ್ಲಿ ಸಿಕ್ಕಿಬೀಳ್ತೀವಿ. ಜ್ವರ ಬಂದಾಗ ಅದೇ ಸಕ್ಕರೆ ರುಚಿಸಲ್ಲ ಅಲ್ವಾ? ಹಾಗಾದ್ರೆ ಸಿಹಿ ಇದ್ದಿದ್ದೆಲ್ಲಿ? ಈ ಲೆಕ್ಕ ಕನಕರು ಮಾಡಿಲ್ಲ, ನಾವು ಮಾಡ್ತಿದ್ದೀವಿ. ಉತ್ತರ ಇಲ್ಲದ ಪ್ರಶ್ನೆ ಮಾಡೋ ಮೊದಲ ಕೆಲಸ ಇದೇ. ಕವಿತೆ ಮುಗಿಸೋಕೆ ನಮ್ಮದೇ ನಾಲಿಗೆ, ನಮ್ಮದೇ ಅನುಭವವನ್ನ ಸಾಲ ಕೊಡಬೇಕಾಗುತ್ತೆ.

ಆಮೇಲೆ ಅವರು ನಾಲಿಗೆಯಲ್ಲೂ ನಿಲ್ಲಲ್ಲ. ನಾಲಿಗೆಗೂ ಮನಸ್ಸಿಗೂ ಅದೇ ಪ್ರಶ್ನೆ ಹಾಕಿ, ಕೊನೆಗೆ ಎರಡೂ ದೇವರ ಒಳಗಾ ಅಂತ ಕೇಳ್ತಾರೆ. ಅಂದ್ರೆ ಒಂದು ಚರಣದಲ್ಲಿ ಮೂರು ಮೂರರಂತೆ ಆರು ಪ್ರಶ್ನೆ. ಮೊದಲ ಚರಣವೂ ಹೀಗೇ: ಬಯಲು ಮತ್ತು ಮನೆಯಿಂದ ಕಣ್ಣಿಗೆ, ಕಣ್ಣಿಂದ ಬುದ್ಧಿಗೆ, ಅಲ್ಲಿಂದ ದೇವರಿಗೆ. ಎರಡು ಸಲ ಕೇಳಿದ ಮೇಲೆ ಕಿವಿಗೆ ಈ ಮೆಟ್ಟಿಲು ಅಭ್ಯಾಸ ಆಗಿಬಿಡುತ್ತೆ.

ಮೂರನೇ ಚರಣದಲ್ಲಿ ಹೂವು, ಪರಿಮಳ, ಮೂಗು. ಮೂರು ಪ್ರಶ್ನೆ ಆಯ್ತು. ಇನ್ನು ಮೂಗಿನಿಂದ ಮೇಲಿನ ಮೆಟ್ಟಿಲು ಬರುತ್ತೆ ಅಂತ ಕಾಯ್ತೀವಿ. ಅಲ್ಲಿ ಪ್ರಶ್ನೆಯ ಬದಲು ಕನಕರು ಕಾಗಿನೆಲೆಯ ಆದಿಕೇಶವನನ್ನ ಕರೆದು, ಇದನ್ನ ಹೇಳೋದು ನನ್ನ ಕೈಲಾಗಲ್ಲ ಅಂತಾರೆ. ಎಲ್ಲವೂ ದೇವರಲ್ಲೇ ಅನ್ನೋ ಕಡೆಗೆ ಹಾಡು ವಾಲೋದು ನಿಜ. ಆದರೆ ಹೇಳಲಾರೆ ಅಂದ ಮೇಲೆ ಬರೋ ಮಾತು ಅದು, ತೀರ್ಪಿನ ಹಾಗೆ ಕೇಳಿಸಲ್ಲ. ಅಷ್ಟರಲ್ಲಿ ಪಲ್ಲವಿ ತಿರುಗಿ ಬಂದು ಮೊದಲ ಪ್ರಶ್ನೆಯನ್ನೇ ಮತ್ತೆ ನಮ್ಮ ಮುಂದಿಡುತ್ತೆ.

ಇಲ್ಲಿ ಕನ್ನಡದ ಒಂದು ಅಕ್ಷರದ ಸಹಾಯವೂ ಇದೆ. “ಬಸ್ ಬಂತಾ?” ಅಂದ್ರೆ ಎದುರಿಗಿರೋರು ಉತ್ತರ ಕೊಡಬೇಕು. “ಬಸ್ ಬಂತೋ ಇಲ್ವೋ” ಅನ್ನೋದು ನಮಗೆ ನಾವೇ ಹೇಳ್ಕೊಳ್ಳೋ ಅನುಮಾನ. ಕನಕರ ಪ್ರಶ್ನೆಗಳು ಈ ‘ಓ’ಕಾರದಲ್ಲೇ ಮುಗಿಯುತ್ತವೆ. ಹಾಗಾಗಿ ಅವು ಪರೀಕ್ಷೆಯ ಪ್ರಶ್ನೆ ಥರ ಕೇಳಿಸಲ್ಲ. ಕೇಳೋರೂ ನಮ್ಮ ಪಕ್ಕದಲ್ಲೇ ಕೂತು ಯೋಚಿಸ್ತಿದ್ದಾರೆ ಅನ್ಸುತ್ತೆ.

ಹಾಗಂತ ಉತ್ತರ ಕೊಟ್ಟರೆ ಕವಿತೆ ಕೆಡುತ್ತೆ ಅಂತಲ್ಲ. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ, ಹಣವಂತರು ದೇವಾಲಯ ಕಟ್ಟಿಸ್ತಾರೆ, ಬಡವ ನಾನೇನು ಮಾಡಲಿ ಅನ್ನೋ ಪ್ರಶ್ನೆ ಬರುತ್ತೆ. ಮರುಕ್ಷಣವೇ ದೇಹವೇ ದೇಗುಲ ಅನ್ನೋ ಉತ್ತರ. ಅಲ್ಲಿ ಆ ಉತ್ತರವೇ ಮುಖ್ಯ, ಪ್ರಶ್ನೆ ಅದಕ್ಕೆ ಬಾಗಿಲು ತೆಗೆಯುತ್ತೆ ಅಷ್ಟೆ.

ಕೆಡೋದು ಬೇರೆ ಕಡೆ. “ಎಲ್ಲಿ ಹೋಯಿತು ಮಾನವೀಯತೆ?” ಅಂತ ಕೊನೆಯಾಗೋ ಕವಿತೆಗಳು ಸ್ಟೇಟಸ್‌ಗಳಲ್ಲಿ ಬೇಕಾದಷ್ಟು ಸಿಗ್ತವೆ. ಓದ್ತೀವಿ, ಹೌದು ಅಂತ ತಲೆ ಆಡಿಸ್ತೀವಿ, ಸ್ಕ್ರೋಲ್ ಮಾಡ್ತೀವಿ. ಅದು ತೆರೆದ ಪ್ರಶ್ನೆಯ ವೇಷ ಹಾಕಿರೋ ಹೇಳಿಕೆ. “ಮಾನವೀಯತೆ ಇಲ್ಲ” ಅಂತ ತಿರುಗಿಸಿ ನೋಡಿ, ಏನೂ ಕಳೆದುಹೋಗಲ್ಲ. ಪರಿಮಳದ ಪ್ರಶ್ನೆಯನ್ನ ಹಾಗೆ ತಿರುಗಿಸೋಕೆ ಹೋದ್ರೆ, ಮೂರರಲ್ಲಿ ಒಂದನ್ನ ಆರಿಸಿ ಎರಡನ್ನ ಬಿಸಾಡಬೇಕು.

ನಾನು ಓದಿದ್ದು ಕಾಮರ್ಸ್. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ, ಕಾರಣ ಸಿಗೋವರೆಗೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿಡ್ತೀವಿ. ಕನಕರ ಪ್ರಶ್ನೆಯೂ ನನ್ನೊಳಗೆ ಹಾಗೇ ಕೂತಿದೆ. ಟೀಗೆ ಸಕ್ಕರೆ ಹಾಕುವಾಗ ಕೆಲವು ಸಲ ಆ ಪುಟ ತಾನಾಗೇ ತೆರ್ಕೊಳ್ಳುತ್ತೆ.

ಇವತ್ತು ಕೀರ್ತನೆ ಒಂದು ಸಲ ಹಾಕ್ಕೊಂಡು ಕೇಳಿ, ಮೂರನೇ ಚರಣದಲ್ಲಿ ಮೂಗು ಬಂದ ತಕ್ಷಣ ಪಾಸ್ ಮಾಡಿ. ಮುಂದಿನ ಮೆಟ್ಟಿಲು ಏನಿರಬಹುದಿತ್ತು ಅಂತ ನೀವೇ ಹಾಕಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.